ಇಳಕಲ್ ಸೀರೆಯನ್ನು ಎಐಗೆ ತೋರಿಸೋದು ಹೇಗೆ?

‘ಕಡುನೀಲಿ ಹತ್ತಿ ಸೀರೆ, ಕೆಂಪು ಅಂಚು, ಕೆಂಪು ಸೆರಗಿನಲ್ಲಿ ಬಾಚಣಿಗೆಯ ಹಲ್ಲಿನಂಥ ಬಿಳಿ ವಿನ್ಯಾಸ’ ಅಂತ ಸ್ಟೇಬಲ್ ಡಿಫ್ಯೂಷನ್‌ಗೆ ಬರೆದುಕೊಟ್ಟು ನೋಡಿ. ಸೀರೆ ಬರುತ್ತದೆ, ಕೆಂಪು ಅಂಚೂ ಬರುತ್ತದೆ. ಆದರೆ ಬಟ್ಟೆ ರೇಷ್ಮೆಯಂತೆ ಮಿಂಚುತ್ತದೆ, ಸೆರಗಿನಲ್ಲಿ ಎಲ್ಲಿಂದಲೋ ಜರಿ ಹೂಗಳು ಅರಳುತ್ತವೆ. ಇನ್ನೂ ನಾಲ್ಕು ವಾಕ್ಯ ಸೇರಿಸಿದ್ರೂ ಅಷ್ಟೇ. ಪದಗಳು ಸೀರೆ ಎಂಥದ್ದು ಅಂತ ಹೇಳಬಲ್ಲವು. ‘ಈ ಸೀರೆ’ ಅಂತ ಬೆರಳು ಮಾಡಿ ತೋರಿಸಲಾರವು.

ತೋರಿಸೋ ಕೆಲಸಕ್ಕೆ ಇರೋದು ಐಪಿ-ಅಡಾಪ್ಟರ್. ಟೆನ್ಸೆಂಟ್‌ನ ಸಂಶೋಧಕರು 2023ರಲ್ಲಿ ಬಿಡುಗಡೆ ಮಾಡಿದ ಪುಟ್ಟ ಜೋಡಣೆ ಇದು. ಮೂಲ ಮಾಡೆಲ್ ಚಿತ್ರ ಬರೆಯುವಾಗ ಹೆಜ್ಜೆಹೆಜ್ಜೆಗೂ ನಿಮ್ಮ ಪದಗಳ ಕಡೆ ತಿರುಗಿ ನೋಡುತ್ತದೆ. ಐಪಿ-ಅಡಾಪ್ಟರ್ ಅದರ ಪಕ್ಕದಲ್ಲೇ ಇನ್ನೊಂದು ಕಿಟಕಿ ತೆರೆದು, ಮಾದರಿ ಫೋಟೊ ಕಡೆಗೂ ನೋಡುವಂತೆ ಮಾಡುತ್ತದೆ. ಹೊಸ ತರಬೇತಿ ಬೇಕಿಲ್ಲ, ಒಂದೇ ಫೋಟೊ ಸಾಕು.

```python
pipe.load_ip_adapter("h94/IP-Adapter",
    subfolder="models",
    weight_name="ip-adapter-plus_sd15.safetensors")
pipe.set_ip_adapter_scale(0.6)
```

ಹೆಸರಿನಲ್ಲಿರುವ `plus` ಮುಖ್ಯ. ಸಾದಾ ಆವೃತ್ತಿ ಇಡೀ ಫೋಟೊವನ್ನು 4 ಟೋಕನ್‌ಗೆ ಇಳಿಸುತ್ತದೆ. ಬಣ್ಣ, ಒಟ್ಟಾರೆ ಭಾವ ಉಳಿಯುತ್ತವೆ. ಪ್ಲಸ್ ಆವೃತ್ತಿ ಫೋಟೊವನ್ನು ತುಂಡುತುಂಡಾಗಿ ನೋಡಿ 16 ಟೋಕನ್ ಕೊಡುತ್ತದೆ. ಬಟ್ಟೆಯ ನೇಯ್ಗೆ, ಅಂಚಿನ ಪಟ್ಟೆ ಸ್ವಲ್ಪವಾದರೂ ದಾಟಿ ಬರಬೇಕಾದರೆ ಇದೇ ಬೇಕು.

ನಮ್ಮ ಅತ್ತಿಗೆ ವಾಟ್ಸಾಪ್‌ನಲ್ಲಿ ಇಳಕಲ್ ಸೀರೆ ಮಾರುತ್ತಾರೆ. ಮಾಡೆಲ್ ಕರೆಸಿ ಶೂಟ್ ಮಾಡಿಸೋದು ಲಾಭದಲ್ಲಿ ಹುಟ್ಟೋ ಮಾತಲ್ಲ. ಹಾಗಾಗಿ ಒಂದೇ ಫೋಟೊದಲ್ಲಿರುವ ಮಹಿಳೆಗೆ ಬೇರೆಬೇರೆ ಸೀರೆ ಉಡಿಸಬಹುದಾ ಅಂತ ನೋಡಿದೆವು. ಮೊದಲ ಚಿತ್ರ ನೋಡಿದ್ದೇ ಅವರು, ‘ಇದು ನಮ್ಮ ಸೆರಗಲ್ಲೋ ತಮ್ಮಾ, ಹಲ್ಲು ಎಲ್ಲಿ ಹೋದ್ವು?’ ಅಂದರು.

ಹಲ್ಲು ಹೋಗಿದ್ದು ಕತ್ತರಿಯಲ್ಲಿ. ಫೋಟೊ ಓದುವ ಭಾಗ ಎಷ್ಟೇ ದೊಡ್ಡ ಚಿತ್ರ ಕೊಟ್ರೂ ಅದನ್ನು 224x224 ಪಿಕ್ಸೆಲ್‌ನ ಚೌಕಕ್ಕೆ ತರುತ್ತದೆ. 3000x4000ರ ಮೊಬೈಲ್ ಫೋಟೊ ಮೊದಲು ಸುಮಾರು 224x299ಕ್ಕೆ ಕುಗ್ಗುತ್ತದೆ, ಆಮೇಲೆ ನಡುವಿನ ಚೌಕವನ್ನು ಮಾತ್ರ ಉಳಿಸಿಕೊಳ್ಳಲಾಗುತ್ತದೆ. ಅಂದ್ರೆ ಮೇಲೆ ಎಂಟನೇ ಒಂದು ಪಾಲು, ಕೆಳಗೆ ಅಷ್ಟೇ ಪಾಲು ಮಾಯ. ತೂಗುಹಾಕಿದ ಸೀರೆಯ ಟೋಪತೆನಿ ಸೆರಗು ಇದ್ದದ್ದೇ ಆ ಕೆಳಗಿನ ತುದಿಯಲ್ಲಿ! ಯಾವ ಎರರ್ ಮೆಸೇಜೂ ಬರೋದಿಲ್ಲ, ಹಾಗಾಗಿ ಗೊತ್ತೇ ಆಗೋದಿಲ್ಲ.

ಪರಿಹಾರ ಸರಳ. ಬಿಳಿ ಚಾದರದ ಮೇಲೆ ಸೀರೆ ಹಾಸಿ, ನೆರಳು ಬೀಳದ ಬೆಳಕಿನಲ್ಲಿ ಎರಡು ಚೌಕ ಫೋಟೊ ತೆಗೆಯೋದು: ಅಂಚು ಸೇರಿದಂತೆ ಒಡಲಿಗೆ ಒಂದು, ಸೆರಗಿಗೆ ಒಂದು. ಹಿನ್ನೆಲೆ ಖಾಲಿ ಇರಲೇಬೇಕು. ಅಂಗಡಿಯ ಬೊಂಬೆ, ಗೋಡೆಯ ಕ್ಯಾಲೆಂಡರ್ ಎಲ್ಲವೂ ‘ಮಾದರಿ’ಯ ಭಾಗವೇ ಆಗಿ ಹೊಸ ಚಿತ್ರಕ್ಕೆ ನುಸುಳುತ್ತವೆ.

ಆಮೇಲೆ ಇನ್‌ಪೇಂಟಿಂಗ್. ಮಹಿಳೆಯ ಫೋಟೊದಲ್ಲಿ ಸೀರೆಯ ಒಡಲಿಗೆ ಮಾತ್ರ ಮಾಸ್ಕ್ ಹಾಕಿ ಒಡಲಿನ ಮಾದರಿ ಕೊಡಿ. ಬಂದ ಚಿತ್ರದಲ್ಲಿ ಸೆರಗಿಗೆ ಮಾತ್ರ ಮಾಸ್ಕ್ ಹಾಕಿ ಸೆರಗಿನ ಮಾದರಿ ಕೊಡಿ. ಮಾಸ್ಕ್‌ನ ಹೊರಗಿರುವುದರಿಂದ ಮುಖ, ಕೈ ಬಹುತೇಕ ಹಾಗೇ ಉಳಿಯುತ್ತವೆ. `strength` 1.0 ಇರಲಿ, ಕಡಿಮೆ ಇಟ್ಟರೆ ಹಳೆಯ ಸೀರೆಯ ಬಣ್ಣ ಅಡಿಯಿಂದ ಇಣುಕುತ್ತದೆ. ಪದಗಳನ್ನು ಪೂರ್ತಿ ಬಿಡಬೇಡಿ, ಆದರೆ ವಿನ್ಯಾಸ ವರ್ಣಿಸುವ ಬದಲು ‘ಹತ್ತಿ ಸೀರೆ, ಎಡಭುಜದ ಮೇಲೆ ಸೆರಗು, ಮುಂದೆ ನೆರಿಗೆ’ ಎಂಬಷ್ಟನ್ನೇ ಇಂಗ್ಲಿಷಿನಲ್ಲಿ ಹೇಳಿ. ಹೇಗೆ ಉಟ್ಟಿದ್ದಾರೆ ಅನ್ನೋದನ್ನು ಪದ ಹೇಳಲಿ, ಏನು ಉಟ್ಟಿದ್ದಾರೆ ಅನ್ನೋದನ್ನು ಫೋಟೊ ಹೇಳಲಿ.

ಇವೆರಡರ ತಕ್ಕಡಿಯೇ `scale`. ಒಂದೇ ಸೀಡ್ ಇಟ್ಟುಕೊಂಡು ಇದೊಂದನ್ನೇ ಬದಲಿಸಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ನಮಗೆ 0.4ರಲ್ಲಿ ಬಣ್ಣ ಬಂತು, ಅಂಚು ಕಲ್ಪಿತವಾಗಿತ್ತು. 0.9ರಲ್ಲಿ ಅಂಚು ಹತ್ತಿರ ಬಂತು, ಆದರೆ ನೆರಿಗೆಯೇ ಇಲ್ಲ. ಚಾದರದ ಮೇಲೆ ಹಾಸಿದ್ದ ಸೀರೆಯನ್ನು ಹಾಗೇ ತಂದು ಅಂಟಿಸಿದಂತಿತ್ತು. 0.6–0.7ರ ನಡುವೆ ಬಟ್ಟೆ ಮೈಮೇಲೆ ಬಿದ್ದು ಮಡಿಕೆಯಾಯಿತು.

ಹಲ್ಲುಗಳೂ ಬಂದವು. ಆದರೆ ಎಣಿಸಿದರೆ ಲೆಕ್ಕ ತಪ್ಪು, ಕೆಲವು ಒಂದಕ್ಕೊಂದು ಕೂಡಿಕೊಂಡಿದ್ದವು. ಇದು ಸೆಟ್ಟಿಂಗ್‌ನಿಂದ ಸರಿಹೋಗುವಂಥದ್ದಲ್ಲ. 224 ಪಿಕ್ಸೆಲ್‌ನಲ್ಲಿ ಕಂಡದ್ದನ್ನು 16 ಟೋಕನ್‌ಗೆ ಹಿಂಡಿದ ಮೇಲೆ ಎಳೆಎಳೆಯ ಲೆಕ್ಕ ಉಳಿಯಲು ಜಾಗವೇ ಇಲ್ಲ. ಕಸೂತಿ ಇದ್ದರಂತೂ ಗೋಪುರ, ತೇರು ಎಲ್ಲ ಕರಗಿ ಬರೀ ಚುಕ್ಕಿಗಳಾಗುತ್ತವೆ. ಐಡಿಎಂ-ವಿಟಾನ್‌ನಂಥ ಉಡಿಸುವ ಮಾಡೆಲ್‌ಗಳು ಐಪಿ-ಅಡಾಪ್ಟರ್ ಜೊತೆಗೆ ಉಡುಪಿನ ಸೂಕ್ಷ್ಮ ವಿವರ ಓದಲೆಂದೇ ಇನ್ನೊಂದು ಜಾಲ ಇಟ್ಟುಕೊಂಡಿರೋದು ಇದೇ ಕಾರಣಕ್ಕೆ.

ಕೊಳ್ಳುವವರು ಸೀರೆ ಬಿಚ್ಚಿದಾಗ ಮೊದಲು ನೋಡೋದೇ ಸೆರಗು. ಅದಕ್ಕೇ ಅತ್ತಿಗೆ ಈಗ ಪ್ರತಿ ಸೀರೆಗೂ ಎರಡು ಚಿತ್ರ ಕಳಿಸುತ್ತಾರೆ: ಉಟ್ಟರೆ ಹೇಗೆ ಕಾಣುತ್ತದೆ ಅನ್ನೋದಕ್ಕೆ ‘ಕಂಪ್ಯೂಟರ್ ಚಿತ್ರ’ ಅಂತ ಬರೆದದ್ದೊಂದು, ಕಿಟಕಿ ಬೆಳಕಿನಲ್ಲಿ ತೆಗೆದ ಸೆರಗಿನ ನಿಜವಾದ ಫೋಟೊ ಒಂದು.