ನಾಲ್ಕು ತಾಕಿನ ತೀರ್ಪು

ಐ.ಡಿ.ಹಳ್ಳಿ ಕಡೆಯ ರೈತರೊಬ್ಬರು ಕೇಳಿದ್ದು: "ಇಡೀ ಪಂಚಾಯಿತಿ ಕಡಲೆಕಾಯಿ ಹೋಯ್ತೋ ಉಳೀತೋ ಅಂತ ನಾಲ್ಕೇ ಹೊಲದಲ್ಲಿ ಕಿತ್ತು ತೂಗಿ ಹೇಳಿಬಿಡ್ತಾರಲ್ಲ, ಅದು ಸರೀನಾ ಸಾರ್?"

2016ರ ಮುಂಗಾರಿನಲ್ಲಿ ಶುರುವಾದ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಗೆ ಕನಿಷ್ಠ 4 ಬೆಳೆ ಕಟಾವು ಪ್ರಯೋಗ, ಹೋಬಳಿಯೇ ಘಟಕವಾದರೆ 10. ಆ ತಾಕುಗಳ ಸರಾಸರಿ ಖಾತರಿ ಇಳುವರಿಗಿಂತ ಕಡಿಮೆ ಬಂದರೆ ಪರಿಹಾರ. ಇಲ್ಲಿ ಎರಡು ರೀತಿಯಲ್ಲಿ ತಪ್ಪಬಹುದು. ಬೆಳೆ ಚೆನ್ನಾಗಿದ್ದೂ ನಷ್ಟವೆನ್ನುವುದು ಮೊದಲನೇ ಬಗೆ. ನಷ್ಟವಾಗಿದ್ದೂ ಇಲ್ಲವೆನ್ನುವುದು ಎರಡನೇ ಬಗೆ. ಇವನ್ನು ಹೀಗೆ ಬೇರ್ಪಡಿಸಿ, ಎರಡನ್ನೂ ಲೆಕ್ಕಕ್ಕೆ ತಂದವರು ಜೆರ್ಜಿ ನೇಮನ್ ಮತ್ತು ಈಗನ್ ಪಿಯರ್ಸನ್. ಅವರ ಪ್ರಸಿದ್ಧ ಪ್ರಬಂಧ ಬಂದದ್ದು 1933ರಲ್ಲಿ. ನಿಜವಾದ ನಷ್ಟವನ್ನು ಹಿಡಿಯುವ ಸಂಭವವೇ ಪರೀಕ್ಷೆಯ 'ಪವರ್', ಅಂದರೆ ಸಾಮರ್ಥ್ಯ.

ಲೆಕ್ಕಕ್ಕೊಂದು ಉದಾಹರಣೆ ಕಟ್ಟಿಕೊಳ್ಳೋಣ. ಖಾತರಿ ಇಳುವರಿ ಹೆಕ್ಟೇರಿಗೆ 1000 ಕಿಲೋ. ಮಳೆಯಾಶ್ರಯದ ಕೆಂಪು ನೆಲದಲ್ಲಿ ಒಂದು ಹೊಲಕ್ಕೂ ಇನ್ನೊಂದಕ್ಕೂ ಇಳುವರಿ ಏರುಪೇರಾಗುತ್ತದೆ. ಆ ಹರವು 400 ಕಿಲೋ ಇರಲಿ. ಸರಾಸರಿಯ ಏರುಪೇರು ತಾಕುಗಳ ಸಂಖ್ಯೆಯ ವರ್ಗಮೂಲದಷ್ಟು ಪಾಲು ತಗ್ಗುತ್ತದೆ: 4 ತಾಕಿಗೆ 200, 16 ತಾಕಿಗೆ 100. ಮೊದಲನೇ ಬಗೆಯ ತಪ್ಪು ನೂರಕ್ಕೆ 5ನ್ನು ಮೀರಬಾರದೆಂದರೆ, 4 ತಾಕಿನ ಸರಾಸರಿ ಸುಮಾರು 671ಕ್ಕಿಂತ ಇಳಿದಾಗಲಷ್ಟೇ 'ನಷ್ಟ' ಎನ್ನಬೇಕು. ಪಂಚಾಯಿತಿಯ ನಿಜವಾದ ಇಳುವರಿ 800ಕ್ಕೆ ಕುಸಿದಿದೆ ಎನ್ನಿ. ಆಗ ಸಾಮರ್ಥ್ಯ ಬರೀ 26%; ಇಂಥ ನಾಲ್ಕು ವರ್ಷಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ನಷ್ಟ ಕೈತಪ್ಪುತ್ತದೆ. 16 ತಾಕಾದರೆ 64%, 36ಕ್ಕೆ 91%.

ತಾಕು 4ರಲ್ಲೇ ಉಳಿದು ಇಳುವರಿಯೇ 600ಕ್ಕೆ ಬಿದ್ದರೆ? ಸಾಮರ್ಥ್ಯ ಮತ್ತೆ 64%. ಕುಸಿತ ಇಮ್ಮಡಿಯಾಗುವುದೂ ತಾಕುಗಳು ನಾಲ್ಕು ಪಟ್ಟಾಗುವುದೂ ಒಂದೇ ಫಲ ಕೊಡುತ್ತವೆ. ಭೀಕರ ಬರ ನಾಲ್ಕು ತಾಕಿನಲ್ಲೂ ಕಂಡೀತು, ಅರೆಬರ ಕಾಣುವುದಿಲ್ಲ. ನನಗೆ ಕಳವಳ ಇದರದ್ದೇ, ಏಕೆಂದರೆ ಮಧುಗಿರಿ, ಪಾವಗಡದ ಹೊಲಗಳಿಗೆ ಅರೆಬರವೇನೂ ಅಪರೂಪವಲ್ಲ.

ವಿಮೆಯವರು ಇಂಥ 5%ರ ಗೆರೆ ಎಳೆಯುವುದಿಲ್ಲ ಎನ್ನುವುದನ್ನು ಹೇಳಲೇಬೇಕು. ಅವರು ಸರಾಸರಿಯನ್ನು 1000ದ ಜೊತೆ ನೇರ ಹೋಲಿಸುತ್ತಾರೆ. ಇದರಿಂದ ರೈತನಿಗೆ ಅನುಕೂಲವೇ: ಇಳುವರಿ 800 ಇದ್ದಾಗ ಪತ್ತೆಯಾಗುವ ಸಂಭವ 84%ಕ್ಕೆ ಏರುತ್ತದೆ. ಅದಕ್ಕೆ ತೆರುವ ಬೆಲೆ ಮೊದಲನೇ ಬಗೆಯ ತಪ್ಪು. ಇಳುವರಿ ಸರಿಯಾಗಿ 1000 ಇದ್ದ ವರ್ಷವೂ ಪರಿಹಾರ ಬರುವ ಸಂಭವ ಅರ್ಧಕ್ಕರ್ಧ. ಗೆರೆಯನ್ನು ಸರಿಸಿ ಒಂದು ತಪ್ಪು ತಗ್ಗಿಸಿದರೆ ಇನ್ನೊಂದು ಏರುತ್ತದೆ. ಎರಡನ್ನೂ ಒಟ್ಟಿಗೆ ತಗ್ಗಿಸಬೇಕಾದರೆ ತಾಕುಗಳನ್ನೇ ಹೆಚ್ಚಿಸಬೇಕು, ಇಲ್ಲವೇ ಪ್ರತಿ ಅಳತೆಯಲ್ಲಿನ ಏರುಪೇರು ಕಡಿಮೆಯಾಗಬೇಕು.

ಆದರೆ ಈ ಲೆಕ್ಕವೆಲ್ಲ ನಿಲ್ಲುವುದು ಸರ್ವೆ ನಂಬರೂ ಹೊಲದೊಳಗಿನ ತಾಕೂ ಯಾದೃಚ್ಛಿಕವಾಗಿ ಆಯ್ಕೆಯಾದಾಗ ಮಾತ್ರ. ದಾರಿ ಪಕ್ಕದ, ಗಿಡ ಒತ್ತಾಗಿರುವ ಮಗ್ಗುಲನ್ನೇ ಪ್ರತಿ ಸಲ ಕಿತ್ತು ತೂಗಿದರೆ ಸರಾಸರಿ ಒಂದೇ ಕಡೆಗೆ ವಾಲುತ್ತದೆ. ಆಗ 4ರ ಬದಲು 400 ತಾಕು ಅಳೆದರೂ ಅದೇ ತಪ್ಪು ಉತ್ತರ ಇನ್ನಷ್ಟು ಖಚಿತವಾಗಿ ಸಿಗುತ್ತದೆ.