ಕರೆಯದೆ ಬರುವ ‘ಅಬೌಟ್’



1985ರ ಮಾತು. ನಾನು ಆಗತಾನೆ ಕನ್ನಡ ಅಧ್ಯಾಪಕನಾಗಿ ಒಂದು ಕಾಲೇಜನ್ನು ಸೇರಿದ್ದೆ. ಪಠ್ಯಕ್ರಮ ಸಮಿತಿಯ ನಡಾವಳಿಯನ್ನು ಇಂಗ್ಲಿಷಿನಲ್ಲಿ ಬರೆಯುವ ಕೆಲಸ, ಕಿರಿಯನೆಂಬ ಕಾರಣಕ್ಕೆ, ನನ್ನ ಪಾಲಿಗೆ ಬಂತು. ‘ದ ಕಮಿಟಿ ಡಿಸ್ಕಸ್ಡ್ ಅಬೌಟ್ ದ ಸಿಲಬಸ್’ ಎಂದು ಬರೆದು ಒಪ್ಪಿಸಿದೆ. ಪ್ರಾಂಶುಪಾಲರು ಮಾತೊಂದನ್ನೂ ಆಡದೆ ‘ಅಬೌಟ್’ ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಹಾಳೆಯನ್ನು ಹಿಂದಿರುಗಿಸಿದರು. ಕಾರಣ ಕೇಳುವ ಧೈರ್ಯ ನನಗಿರಲಿಲ್ಲ. ಆ ಪದವೇ ಕೂಡದೆಂದು ಭಾವಿಸಿ, ಮುಂದಿನ ನಡಾವಳಿಯಲ್ಲಿ ‘ದೇರ್ ವಾಸ್ ಎ ಡಿಸ್ಕಷನ್ ದ ಸಿಲಬಸ್’ ಎಂದು ಬರೆದೆ. ಈ ಸಲ ಅದೇ ಕೆಂಪು ಶಾಯಿ ಅದೇ ‘ಅಬೌಟ್’ ಅನ್ನು ನಡುವೆ ಸೇರಿಸಿತ್ತು!

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಒಮ್ಮೆ ತಪ್ಪಾದದ್ದು ಇನ್ನೊಮ್ಮೆ ಸರಿಯಾಗುವುದು ಹೇಗೆ? ಉತ್ತರ ದೊರೆತದ್ದು ಇಂಗ್ಲಿಷ್ ವ್ಯಾಕರಣದಲ್ಲಲ್ಲ, ನಾನೇ ತರಗತಿಯಲ್ಲಿ ಹೇಳಿಕೊಡುತ್ತಿದ್ದ ವಿಭಕ್ತಿ ಪ್ರಕರಣದಲ್ಲಿ.

ಕನ್ನಡದಲ್ಲಿ ನಾವು ‘ಪಠ್ಯವನ್ನು ಚರ್ಚಿಸಿದೆವು’ ಎನ್ನುತ್ತೇವೆ. ‘ಪಠ್ಯದ ಬಗ್ಗೆ ಚರ್ಚೆ ನಡೆಯಿತು’ ಎಂದೂ ಎನ್ನುತ್ತೇವೆ. ಮೊದಲನೆಯದರಲ್ಲಿ ‘ಚರ್ಚಿಸು’ ಕ್ರಿಯಾಪದ. ಅದು ತನ್ನ ಕರ್ಮವನ್ನು ದ್ವಿತೀಯಾ ವಿಭಕ್ತಿಯಲ್ಲಿ ನೇರವಾಗಿ ಹಿಡಿಯುತ್ತದೆ. ಎರಡನೆಯದರಲ್ಲಿ ‘ಚರ್ಚೆ’ ನಾಮಪದ. ಅದಕ್ಕೆ ವಿಷಯವನ್ನು ತಾನೇ ಹಿಡಿಯುವ ಬಲವಿಲ್ಲ, ‘ಬಗ್ಗೆ’ ಎಂಬ ಕೈಗೋಲು ಬೇಕು. ಇಂಗ್ಲಿಷಿನ ‘ಡಿಸ್ಕಸ್’ ನಮ್ಮ ‘ಚರ್ಚಿಸು’ ಇದ್ದಂತೆ, ‘ಡಿಸ್ಕಷನ್’ ನಮ್ಮ ‘ಚರ್ಚೆ’ ಇದ್ದಂತೆ. ಆದ್ದರಿಂದಲೇ ‘ಡಿಸ್ಕಸ್ಡ್ ದ ಸಿಲಬಸ್’. ಆದರೆ ‘ಡಿಸ್ಕಷನ್ ಅಬೌಟ್ ದ ಸಿಲಬಸ್’. ನಾವು ತಪ್ಪುವುದೇಕೆಂದರೆ, ಕನ್ನಡದಲ್ಲಿ ‘ಪಠ್ಯದ ಬಗ್ಗೆ ಚರ್ಚಿಸಿದೆವು’ ಎಂಬುದೂ ಸಲ್ಲುತ್ತದೆ. ಇಂಗ್ಲಿಷ್ ಆ ಸಡಿಲಿಕೆಯನ್ನು ಕೊಡುವುದಿಲ್ಲ. ‘ಎಂಫಸೈಸ್ ಆನ್’ ಎಂಬ ತಪ್ಪೂ ಇದೇ ಜಾತಿಯದು. ‘ಎಂಫಸಿಸ್’ ಎಂಬ ನಾಮಪದಕ್ಕೆ ‘ಆನ್’ ಬೇಕು, ಕ್ರಿಯಾಪದಕ್ಕೆ ಬೇಡ.

ಇನ್ನು ಮದುವೆಯ ಸಂಗತಿ. ‘ಶಿ ಮ್ಯಾರೀಡ್ ವಿತ್ ಎ ಡಾಕ್ಟರ್’ ಎಂದು ವಿದ್ಯಾವಂತರೂ ಬರೆಯುವುದುಂಟು. ‘ವೈದ್ಯನೊಂದಿಗೆ ಮದುವೆಯಾಯಿತು’ ಎಂಬ ನಮ್ಮ ವಾಕ್ಯದ ‘ಒಂದಿಗೆ’ ಅಲ್ಲಿ ‘ವಿತ್’ ಆಗಿ ಇಳಿದಿದೆ. ಆದರೆ ‘ವೈದ್ಯನನ್ನು ಮದುವೆಯಾದಳು’ ಎಂದೂ ನಾವು ಹೇಳುತ್ತೇವಲ್ಲವೆ? ಇಲ್ಲಿ ಮತ್ತೆ ದ್ವಿತೀಯೆ. ‘ಶಿ ಮ್ಯಾರೀಡ್ ಎ ಡಾಕ್ಟರ್’ ಎಂಬುದಕ್ಕೆ ಅದೇ ಸರಿಜೋಡಿ. ಮದುವೆ ನಡೆದ ಘಟನೆಯನ್ನು ಬಿಟ್ಟು ಈಗಿನ ಸ್ಥಿತಿಯನ್ನು ಹೇಳುವಾಗ ‘ಮ್ಯಾರೀಡ್’ ವಿಶೇಷಣವಾಗುತ್ತದೆ. ಆಗ ನಡುವೆ ಒಂದು ಪದ ಬೇಕು, ಅದು ‘ಟು’: ‘ಶಿ ಈಸ್ ಮ್ಯಾರೀಡ್ ಟು ಎ ಡಾಕ್ಟರ್’. ‘ಮ್ಯಾರೀಡ್ ವಿತ್ ಟೂ ಚಿಲ್ಡ್ರನ್’ ಎಂಬ ಮಾತು ಮಾತ್ರ ತಪ್ಪಲ್ಲ. ಮದುವೆಯಾಗಿದೆ, ಎರಡು ಮಕ್ಕಳೂ ಇವೆ ಎಂದು ಅದರ ಅರ್ಥ. ಹೀಗಿರುವಾಗ ‘ಮ್ಯಾರೀಡ್ ವಿತ್ ಎ ಡಾಕ್ಟರ್’ ಎಂದು ಓದಿದ ಆಂಗ್ಲನು ಒಂದು ಕ್ಷಣ ತಬ್ಬಿಬ್ಬಾದರೆ ಅವನನ್ನು ದೂರುವಂತಿಲ್ಲ.

ಕನ್ನಡದ ದೀಪ ಎಲ್ಲ ಮೂಲೆಗೂ ಬೆಳಕು ಬೀರುವುದಿಲ್ಲವೆಂಬುದನ್ನೂ ಒಪ್ಪಬೇಕು. ‘ಲೆಕ್ಕದಲ್ಲಿ ಜಾಣ’ ಎಂಬುದು ನಮ್ಮಲ್ಲಿ ಸಪ್ತಮಿ. ಅದನ್ನು ಅನುಸರಿಸಿದರೆ ‘ಗುಡ್ ಇನ್ ಮ್ಯಾಥಮ್ಯಾಟಿಕ್ಸ್’ ಆಗುತ್ತದೆ. ಬ್ರಿಟಿಷ್ ರೂಢಿ ಇಲ್ಲಿ ‘ಗುಡ್ ಅಟ್’ ಎನ್ನುತ್ತದೆ; ಶಾಲೆಯ ವಿಷಯಗಳ ಮಟ್ಟಿಗೆ ಅಮೆರಿಕದಲ್ಲಿ ‘ಇನ್’ ಕೂಡ ಕೇಳಿಬರುತ್ತದೆ. ಆದರೆ ಈಜು, ಅಡಿಗೆ, ಚಿತ್ರ ಬರೆಯುವುದು ಮೊದಲಾದ ಕೆಲಸಗಳ ಕೌಶಲಕ್ಕೆ ‘ಅಟ್’ ಒಂದೇ ಸಲ್ಲುವುದು. ‘ಏಮ್ ಅಟ್’ ಎಂಬಲ್ಲಿ ಗುರಿಯನ್ನು ತೋರಿಸುವ ಪದವೇ ಇಲ್ಲಿ ಕೌಶಲದ ಗುರಿಯನ್ನು ತೋರಿಸುತ್ತಿದೆಯೆಂದು ನೆನಪಿಟ್ಟುಕೊಂಡರೆ ಸಾಕು. ‘ಬ್ಯಾಡ್ ಅಟ್’, ‘ಕ್ವಿಕ್ ಅಟ್’ ಎಂಬುವೂ ಇದರ ಒಡಹುಟ್ಟುಗಳು. ಉಳಿದದ್ದು ರೂಢಿ, ರೂಢಿಯನ್ನು ಕಿವಿಯಿಂದಲೇ ಕಲಿಯಬೇಕು.

ಒಂದು ವಿಭಕ್ತಿಯ ಸ್ಥಾನದಲ್ಲಿ ಇನ್ನೊಂದು ಬರುವುದನ್ನು ನಮ್ಮ ವೈಯಾಕರಣರು ‘ವಿಭಕ್ತಿ ಪಲ್ಲಟ’ವೆಂದು ಕರೆದು, ಅದನ್ನು ಭಾಷೆಯ ಸ್ವಭಾವವೆಂದೇ ಗುರುತಿಸಿದರು. ನಮ್ಮ ಹುಡುಗರ ಇಂಗ್ಲಿಷಿನ ತಪ್ಪುಗಳೂ ದಡ್ಡತನದ ಗುರುತಲ್ಲ. ಒಂದು ಭಾಷೆಯ ವಿಭಕ್ತಿ ಇನ್ನೊಂದು ಭಾಷೆಯ ಮನೆ ಹೊಕ್ಕ ಗುರುತು. ಮುಂದೆ ನನಗೂ ಕೆಂಪು ಶಾಯಿ ಹಿಡಿಯುವ ಸರದಿ ಬಂತು. ವಿದ್ಯಾರ್ಥಿಗಳ ಅರ್ಜಿಗಳಲ್ಲಿ ‘ಅಬೌಟ್’ ಅನ್ನು ನಾನೂ ಹೊಡೆದುಹಾಕಿದ್ದೇನೆ. ಆದರೆ ಪ್ರತಿ ಸಲವೂ ಅದರ ಪಕ್ಕದಲ್ಲಿ ‘ಅನ್ನು’ ಎಂದು ಕನ್ನಡದಲ್ಲಿ ಬರೆದಿದ್ದೇನೆ. ಅದನ್ನು ನೋಡಿದ ಹುಡುಗರು ಎರಡನೆಯ ಸಲ ‘ಡಿಸ್ಕಷನ್ ದ ಸಿಲಬಸ್’ ಎಂದು ಬರೆಯಲಿಲ್ಲ.