ರಿಫರ್ಬಿಶ್ಡ್ ಲ್ಯಾಪ್‌ಟಾಪ್ ಅಗ್ಗವೇ? ವರ್ಷದ ಲೆಕ್ಕ ಹಾಕಿ ನೋಡಿ

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಡೆಲ್ ಲ್ಯಾಟಿಟ್ಯೂಡ್, ಲೆನೊವೊ ಥಿಂಕ್‌ಪ್ಯಾಡ್, ಎಚ್‌ಪಿ ಎಲೈಟ್‌ಬುಕ್‌ಗಳು ಸಾಲಾಗಿ ಇರುತ್ತವೆ. ಇವುಗಳಲ್ಲಿ ಬಹುಪಾಲು ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಒಟ್ಟಿಗೆ ವಿಲೇವಾರಿ ಮಾಡಿದವು. ವ್ಯಾಪಾರಿಗಳು ಅವನ್ನು ತಂದು, ಒರೆಸಿ, ಕೆಟ್ಟ ಭಾಗ ಬದಲಿಸಿ, ವಿಂಡೋಸ್ ಹಾಕಿ ಮಾರುತ್ತಾರೆ. ಬೆಲೆ ಹೊಸದರ ಅರ್ಧ ಎಂದ ಕೂಡಲೇ ಲಾಭವೇ ಆಯಿತು ಅನ್ನಿಸುತ್ತದೆ. ನನ್ನ ಪ್ರಕಾರ ಅರ್ಧ ಬೆಲೆ ಲಾಭವಲ್ಲ.

ಡಿಗ್ರಿಗೆ ಸೇರಿದ ಮಗಳಿಗೆ ಲ್ಯಾಪ್‌ಟಾಪ್ ಬೇಕು ಎಂದುಕೊಳ್ಳಿ. ಹೊಸದಕ್ಕೆ 45,000 ರೂಪಾಯಿ, ಕಂಪನಿಯ ಒಂದು ವರ್ಷದ ವಾರಂಟಿ. ರಿಫರ್ಬಿಶ್ಡ್ ಆದರೆ 24,000, ಅಂಗಡಿಯವರ ಆರು ತಿಂಗಳ ವಾರಂಟಿ. ಹೊಸದು ಐದು ವರ್ಷ ಬಾಳಿದರೆ ವರ್ಷಕ್ಕೆ 9,000 ಬಿತ್ತು. ಹಳೆಯದಕ್ಕೆ ಬ್ಯಾಟರಿ ಬದಲಿಸಲು 4,000 ಸೇರಿಸಿ, ಇನ್ನು ಮೂರು ವರ್ಷ ಬಾಳುತ್ತದೆ ಅಂದುಕೊಂಡರೆ 28,000ಕ್ಕೆ ಮೂರು ವರ್ಷ, ಅಂದರೆ ವರ್ಷಕ್ಕೆ 9,300ರ ಮೇಲೆ. ಅಗ್ಗ ಎಂದುಕೊಂಡದ್ದೇ ದುಬಾರಿ! ಅದೇ ಯಂತ್ರ 16,000ಕ್ಕೆ ಸಿಕ್ಕಿದರೆ ಬ್ಯಾಟರಿ ಸೇರಿ 20,000, ವರ್ಷಕ್ಕೆ 6,700ರೊಳಗೆ. ಆಗ ಮಾತ್ರ ವಾರಂಟಿ ಬಿಟ್ಟುಕೊಟ್ಟಿದ್ದಕ್ಕೆ ಬೆಲೆ ಸಿಕ್ಕಿತು. ನಿಮ್ಮೂರಿನ ದರ ಬೇರೆ ಇರಬಹುದು, ಲೆಕ್ಕ ಮಾತ್ರ ಇದೇ.

ಆದರೆ ವಾರಂಟಿ ಕಾಯುವುದು ಏನನ್ನು? ಸಾಮಾನ್ಯವಾಗಿ ತಯಾರಿಕೆಯ ದೋಷವನ್ನು ಮಾತ್ರ. ಕಾಫಿ ಚೆಲ್ಲಿದರೆ, ಕೈಜಾರಿ ಬಿದ್ದು ಸ್ಕ್ರೀನ್ ಒಡೆದರೆ ಅದು ಕೆಲಸಕ್ಕೆ ಬರುವುದಿಲ್ಲ. ತಯಾರಿಕೆಯ ದೋಷ ಇದ್ದರೆ ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲೇ ತಲೆ ಎತ್ತುತ್ತದೆ. ಆಫೀಸಿನಲ್ಲಿ ಮೂರು ವರ್ಷ ದುಡಿದ ಯಂತ್ರ ಆ ಗಂಡಾಂತರ ದಾಟಿ ಬಂದಿದೆ. ಅದರಲ್ಲಿ ಉಳಿದಿರುವುದು ಸವೆತ: ಬ್ಯಾಟರಿ, ಫ್ಯಾನ್, ಹಿಂಜ್, ಕೀಬೋರ್ಡ್, ಎಸ್‌ಎಸ್‌ಡಿ. ಸಮಾಧಾನದ ಸಂಗತಿಯೆಂದರೆ ಇವನ್ನು ಅಂಗಡಿಯಲ್ಲೇ ನಿಂತು ಅಳೆಯಬಹುದು. ಮದರ್‌ಬೋರ್ಡ್ ಯಾವಾಗ ಕೈಕೊಡುತ್ತದೆ ಎಂದು ಮಾತ್ರ ಯಾರೂ ಹೇಳಲಾರರು. ಬೆಲೆ ಅರ್ಧಕ್ಕಿಂತ ಸಾಕಷ್ಟು ಇಳಿಯಬೇಕು ಎನ್ನುವುದು ಆ ಅಪಾಯಕ್ಕಾಗಿ.

ಬ್ಯಾಟರಿಯನ್ನೇ ನೋಡಿ. ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಟೈಪ್ ಮಾಡಿ:

```
powercfg /batteryreport
```

ವರದಿಯ ಫೈಲ್ ಎಲ್ಲಿ ಉಳಿದಿದೆ ಎಂದು ಪರದೆಯೇ ತೋರಿಸುತ್ತದೆ. ಅದನ್ನು ತೆರೆದರೆ DESIGN CAPACITY ಮತ್ತು FULL CHARGE CAPACITY ಎಂಬ ಎರಡು ಸಾಲು ಕಾಣುತ್ತವೆ. ಮೊದಲನೆಯದು 60,000, ಎರಡನೆಯದು 39,000 ಇದ್ದರೆ ಉಳಿದಿರುವುದು ಶೇ. 65 ಮಾತ್ರ. ಬ್ಯಾಟರಿ ಖರ್ಚನ್ನು ಬೆಲೆಯಲ್ಲಿ ಕಳೆಯುವಂತೆ ಕೇಳಲು ಇಷ್ಟು ಸಾಕು. ಅಂಕಿಯನ್ನೊಂದೇ ನಂಬದೆ, ಚಾರ್ಜರ್ ತೆಗೆದು ಅರ್ಧ ಗಂಟೆ ವಿಡಿಯೊ ಓಡಿಸಿ. ಶೇ. 40 ಇದ್ದ ಚಾರ್ಜ್ ಏಕಾಏಕಿ 10ಕ್ಕೆ ಕುಸಿದರೆ ಆ ಬ್ಯಾಟರಿಯ ಕಥೆ ಮುಗಿದಿದೆ. ಆ ಹೊತ್ತಿನಲ್ಲೇ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಎಸ್‌ಎಸ್‌ಡಿಯ ಆರೋಗ್ಯ ನೋಡಬಹುದು.

ಎಷ್ಟು ವರ್ಷ ಬಾಳುತ್ತದೆ ಎನ್ನುವುದನ್ನು ಸವೆತವೊಂದೇ ತೀರ್ಮಾನಿಸುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು, ಅಪವಾದಗಳು ಬಹಳ ಕಡಿಮೆ. i5-8350U ಎಂದಿದ್ದರೆ 8ನೇ ತಲೆಮಾರು, i5-7300U ಎಂದಿದ್ದರೆ 7ನೆಯದು. ಏಳನೆಯದಕ್ಕೂ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿ ಮಾರುವುದುಂಟು. ಪರದೆ ಚೆನ್ನಾಗಿಯೇ ಕಾಣುತ್ತದೆ, ಅಪ್‌ಡೇಟ್ ಬರುತ್ತದೆಂಬ ಖಾತ್ರಿ ಇಲ್ಲ. ಅಂಥದ್ದು ಎಷ್ಟೇ ಅಗ್ಗವಾದರೂ, ವಿಂಡೋಸ್‌ನಲ್ಲೇ ಕೆಲಸ ಮಾಡುವವರು ಕೊಳ್ಳಬಾರದು. 10 ಅಥವಾ 11ನೇ ತಲೆಮಾರಿನದು ಸಿಕ್ಕರೆ ಎರಡು ಮೂರು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಕಂಪನಿಯಿಂದ ಬಂದ ಯಂತ್ರಕ್ಕೆ ಇನ್ನೊಂದು ತೊಡಕುಂಟು. ಹಳೆಯ ಮಾಲೀಕರು ಹಾಕಿದ ಬಯೋಸ್ ಪಾಸ್‌ವರ್ಡ್ ಹಾಗೇ ಉಳಿದಿರಬಹುದು. ಡೆಲ್ ಆದರೆ F2, ಥಿಂಕ್‌ಪ್ಯಾಡ್ ಆದರೆ F1, ಎಚ್‌ಪಿ ಆದರೆ F10 ಒತ್ತಿ ಆನ್ ಮಾಡಿಸಿ. ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ಕೈಬಿಡಿ. ಕೇಳದಿದ್ದರೆ ಅಲ್ಲಿ ಕಾಣುವ ಸೀರಿಯಲ್ ನಂಬರ್ ತಳದ ಸ್ಟಿಕ್ಕರ್‌ನದಕ್ಕೆ ತಾಳೆಯಾಗಬೇಕು. ಅದನ್ನು ತಯಾರಕರ ಜಾಲತಾಣದಲ್ಲಿ ಹಾಕಿದರೆ ವಾರಂಟಿಯ ವಿವರ ಸಿಗುತ್ತದೆ, ಯಂತ್ರದ ನಿಜವಾದ ವಯಸ್ಸು ಅದರಿಂದ ತಿಳಿಯುತ್ತದೆ. ಕೆಲವೊಮ್ಮೆ ಕಂಪನಿಯ ವಾರಂಟಿಯೇ ಇನ್ನೂ ಉಳಿದಿರುತ್ತದೆ.

ಇಷ್ಟೆಲ್ಲ ನೋಡುವ ವ್ಯವಧಾನ ಇಲ್ಲದವರು, ಒಂದು ದಿನ ಯಂತ್ರ ನಿಂತರೂ ಸಂಪಾದನೆ ನಿಲ್ಲುವವರು ಹೊಸದನ್ನೇ ಕೊಳ್ಳುವುದು ಸರಿ. ಓದು, ಟೈಪಿಂಗ್, ಆನ್‌ಲೈನ್ ತರಗತಿಗೆ ಬೇಕಾದವರು ಪರೀಕ್ಷಿಸಿದ ರಿಫರ್ಬಿಶ್ಡ್ ಯಂತ್ರವನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು. ಹಣ ಕೊಡುವ ಮುಂಚೆ ಬಿಲ್ಲಿನಲ್ಲಿ ಸೀರಿಯಲ್ ನಂಬರ್, ವಾರಂಟಿಯ ಅವಧಿ, ಯಾವ ಭಾಗಕ್ಕೆ ಉಂಟು ಯಾವುದಕ್ಕಿಲ್ಲ ಎಂಬುದನ್ನು ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದ ಅಂಗಡಿಯಿಂದ ಕೊಳ್ಳಬೇಡಿ.